ಗಲಿವರನ ಯಾವ ಪ್ರತಿ ಕೊಳ್ಳುವುದು: ಸಂಕ್ಷಿಪ್ತವೋ, ಪೂರ್ತಿಯೋ?

ನನ್ನ ಅಕ್ಕನ ಮಗಳು ಆರನೇ ಕ್ಲಾಸು. ಬೇಸಿಗೆ ರಜೆಗೆ ವಿಜಯನಗರದ ನಮ್ಮ ಮನೆಗೆ ಬಂದಿದ್ದಾಗ ಇಂಗ್ಲಿಷಿನ ‘ಗಲಿವರ್ಸ್ ಟ್ರಾವೆಲ್ಸ್’ ಓದುತ್ತಿದ್ದಳು. ನೂರು ಪುಟವೂ ಇಲ್ಲದ, ಬಣ್ಣದ ಚಿತ್ರಗಳ ಪುಸ್ತಕ. ಅರ್ಧ ಓದಿ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು.

“ಚಿಕ್ಕಮ್ಮ, ಅರಮನೆಗೆ ಬೆಂಕಿ ಬೀಳುತ್ತೆ. ಗಲಿವರ್ ಟೋಪೀಲಿ ಸಮುದ್ರದ ನೀರು ತಂದು ಆರಿಸ್ತಾನೆ. ಆಮೇಲೆ ರಾಣಿಗೆ ಅವನ ಮೇಲೇ ಸಿಟ್ಟು. ಯಾಕೆ? ಅವನು ಉಪಕಾರ ಮಾಡಿದ್ದಾನಲ್ವಾ?”

ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಪುಸ್ತಕದಲ್ಲಿ. ಮೂಲದಲ್ಲಿ ಗಲಿವರ್ ಬೆಂಕಿ ಆರಿಸುವುದು ಸಮುದ್ರದ ನೀರಿನಿಂದ ಅಲ್ಲ, ಉಚ್ಚೆ ಹೊಯ್ದು. ಅರಮನೆಯ ಆವರಣದಲ್ಲಿ ಹಾಗೆ ಮಾಡಿದವರಿಗೆ ಮರಣದಂಡನೆ ಅನ್ನುವುದು ಆರಿಂಚಿನ ಮನುಷ್ಯರ ನಾಡಾದ ಲಿಲಿಪುಟ್ಟಿನ ಕಾನೂನು. ರಾಣಿ ಆ ಮಹಡಿಗೆ ಮತ್ತೆ ಕಾಲಿಡುವುದಿಲ್ಲ ಎಂದು ಹಟ ಹಿಡಿಯುತ್ತಾಳೆ, ಸೇಡು ತೀರಿಸಿಕೊಳ್ಳುತ್ತೇನೆ ಎಂದು ಆಣೆ ಮಾಡುತ್ತಾಳೆ. ಆ ಮಕ್ಕಳ ಪುಸ್ತಕ ಮಾಡಿದವರು ಉಚ್ಚೆಯನ್ನು ತೆಗೆದರು, ಸಿಟ್ಟನ್ನು ಮಾತ್ರ ಹಾಗೇ ಬಿಟ್ಟರು. ಕಾರಣ ಹೋಯಿತು, ಪರಿಣಾಮ ಉಳಿಯಿತು. ಹನ್ನೊಂದು ವರ್ಷದ ಹುಡುಗಿಗೆ ಅದು ಗೊತ್ತಾಯಿತು.

ಅದೇ ವಾರ ಅವಳ ಅಪ್ಪನೂ, ಅಂದರೆ ನಮ್ಮ ಭಾವನೂ, ಇದೇ ಪುಸ್ತಕದ ಬಗ್ಗೆ ಕೇಳಿದರು. ದಿನಾ ನೇರಳೆ ಮಾರ್ಗದ ಮೆಟ್ರೋದಲ್ಲಿ ವೈಟ್‌ಫೀಲ್ಡಿಗೆ ಹೋಗಿ ಬರುತ್ತಾರೆ. “ಚಿಕ್ಕವನಿದ್ದಾಗ ಕಥೆಯಾಗಿ ಓದಿದ್ದೆ, ಈಗ ಸರಿಯಾಗಿ ಓದೋಣ ಅಂತ. ಆದರೆ ಟೈಮಿಲ್ಲ. ಚಿಕ್ಕದು ತಗೊಳ್ಳಲಾ, ಪೂರ್ತಿದು ತಗೊಳ್ಳಲಾ?” ಎಂದರು. ಮಗಳಿಗೊಂದು, ಅಪ್ಪನಿಗೊಂದು ಪ್ರತಿ ಹುಡುಕಲು ಒಂದು ಶನಿವಾರ ಚರ್ಚ್ ಸ್ಟ್ರೀಟಿಗೆ ಹೋದೆವು. ಹಳೆಯ, ಹೊಸ ಪುಸ್ತಕಗಳ ನಡುವೆ ಹುಡುಕಿ ಐದು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಎಲ್ಲದರ ಮೇಲೂ ಜೊನಾಥನ್ ಸ್ವಿಫ್ಟ್ ಅನ್ನುವ ಹೆಸರು, ಹಗ್ಗದಲ್ಲಿ ಕಟ್ಟಿ ಮಲಗಿಸಿದ ಮನುಷ್ಯನ ಚಿತ್ರ. ಒಳಗೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ.

ಮೂರು ಬಗೆ ಇವೆ, ಎರಡಲ್ಲ

ಸಂಕ್ಷಿಪ್ತ, ಪೂರ್ಣ ಎಂದು ಎರಡೇ ಬಗೆ ಅಂತ ನಾವು ಅಂದುಕೊಳ್ಳುತ್ತೇವೆ. ಸಂಕ್ಷಿಪ್ತದಲ್ಲೇ ಎರಡಿವೆ, ಅವೆರಡನ್ನೂ ಒಂದೇ ಎಂದುಕೊಂಡರೆ ಮೋಸ ಹೋಗುತ್ತೇವೆ. ಒಂದರಲ್ಲಿ ಸ್ವಿಫ್ಟನ ವಾಕ್ಯಗಳು ಹಾಗೇ ಇರುತ್ತವೆ. ಸಂಪಾದಕರು ಅಲ್ಲಲ್ಲಿ ಪ್ಯಾರಾಗಳನ್ನೋ ಅಧ್ಯಾಯಗಳನ್ನೋ ಬಿಟ್ಟಿರುತ್ತಾರೆ. ಇದು ನಿಜವಾದ ‘ಅಬ್ರಿಡ್ಜ್ಡ್’. ಇನ್ನೊಂದರಲ್ಲಿ ಸ್ವಿಫ್ಟನ ಒಂದು ವಾಕ್ಯವೂ ಇರುವುದಿಲ್ಲ. ಬೇರೊಬ್ಬರು ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಿರುತ್ತಾರೆ. ಒಳಪುಟದಲ್ಲಿ ‘ರೀಟೋಲ್ಡ್ ಬೈ’, ‘ಅಡಾಪ್ಟೆಡ್ ಬೈ’ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ‘ಸಿಂಪ್ಲಿಫೈಡ್’ ಎಂದಿದ್ದರೆ ಅದು ಇಂಗ್ಲಿಷ್ ಕಲಿಯುವವರಿಗಾಗಿ, ಇಷ್ಟೇ ಪದ ಬಳಸಬೇಕು ಅನ್ನುವ ಮಿತಿಯೊಳಗೆ ಬರೆದದ್ದು.

ಮುಖಪುಟ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಮೊದಲ ಪ್ಯಾರಾ ಓದಿದರೆ ತಕ್ಷಣ ಗೊತ್ತಾಗುತ್ತದೆ. ಸ್ವಿಫ್ಟ್ ಶುರು ಮಾಡುವುದೇ ಲೆಕ್ಕದ ಪುಸ್ತಕದ ಹಾಗೆ. ಅಪ್ಪನಿಗೆ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಸ್ವಲ್ಪ ಜಮೀನಿತ್ತು, ಐದು ಗಂಡುಮಕ್ಕಳಲ್ಲಿ ನಾನು ಮೂರನೆಯವನು, ಹದಿನಾಲ್ಕನೇ ವಯಸ್ಸಿಗೆ ಕೇಂಬ್ರಿಡ್ಜಿಗೆ ಕಳಿಸಿದರು, ಆಮೇಲೆ ಲಂಡನ್ನಿನ ಶಸ್ತ್ರವೈದ್ಯರೊಬ್ಬರ ಹತ್ತಿರ ನಾಲ್ಕು ವರ್ಷ ಕೆಲಸ ಕಲಿತೆ, ಲೈಡನ್ನಿನಲ್ಲಿ ಎರಡು ವರ್ಷ ಏಳು ತಿಂಗಳು ವೈದ್ಯ ಓದಿದೆ. ನಾವು ಕೈಯಲ್ಲಿ ಹಿಡಿದ ಐದರಲ್ಲಿ ಮೂರು ಹೀಗೆ ಶುರುವಾಗಲಿಲ್ಲ. ಒಂದು ‘ಬಹಳ ಹಿಂದೆ ಗಲಿವರ್ ಎಂಬ ನಾವಿಕನಿದ್ದ’ ಅನ್ನುವ ಧಾಟಿಯಲ್ಲಿತ್ತು. ಇನ್ನೆರಡು ನೇರವಾಗಿ ಬಿರುಗಾಳಿಯಿಂದಲೇ ಶುರುವಾಗುತ್ತಿದ್ದವು.

ಆ ಎರಡು ವರ್ಷ ಏಳು ತಿಂಗಳು ಹೋದರೆ ಏನು ನಷ್ಟ ಅಂತ ಕೇಳಬಹುದು. ಆರಿಂಚಿನ ಮನುಷ್ಯರ ಊರಿನ ಕಥೆ ಹೇಳುವವನು ಸುಳ್ಳುಗಾರ ಅಲ್ಲ, ಲೆಕ್ಕ ಇಟ್ಟುಕೊಳ್ಳುವ ಮನುಷ್ಯ ಅಂತ ಓದುವವರು ನಂಬಬೇಕು. ಸ್ವಿಫ್ಟ್ ಕಟ್ಟಿದ್ದು ಆ ನಂಬಿಕೆಯನ್ನು. ತಿಂಗಳ ಲೆಕ್ಕ ಕೊಡುವವನೇ ಮುಂದೆ ಬೆರಳುದ್ದದ ಸೈನಿಕರ ಲೆಕ್ಕವನ್ನೂ ಅದೇ ಗಂಭೀರ ಮುಖದಲ್ಲಿ ಕೊಡುತ್ತಾನೆ. ಕಥೆಯ ನಗು ಇರುವುದೇ ಅಲ್ಲಿ. ‘ಬಹಳ ಹಿಂದೆ ಒಬ್ಬ ನಾವಿಕನಿದ್ದ’ ಅಂದ ಕೂಡಲೇ ಅದು ಅಜ್ಜಿಕಥೆಯಾಗುತ್ತದೆ. ಅಜ್ಜಿಕಥೆಯೂ ಚೆನ್ನಾಗಿರಬಹುದು, ಆದರೆ ಅದು ಬೇರೆ ಪುಸ್ತಕ.

ಪುಸ್ತಕ ಕೈಯಲ್ಲಿ ಹಿಡಿದು ನೋಡುವುದು

ಮೊದಲು ಪರಿವಿಡಿ ತೆಗೆಯಿರಿ. ಪೂರ್ಣ ಗಲಿವರನಲ್ಲಿ ನಾಲ್ಕು ಭಾಗಗಳಿವೆ. ಲಿಲಿಪುಟ್ಟಿಗೆ 8 ಅಧ್ಯಾಯ, ದೈತ್ಯರ ನಾಡು ಬ್ರಾಬ್ಡಿಂಗ್‌ನಾಗಿಗೆ 8, ಹಾರುವ ದ್ವೀಪ ಲಪೂಟ ಮತ್ತು ಸುತ್ತಲಿನ ನಾಡುಗಳಿಗೆ 11, ಮಾತಾಡುವ ಕುದುರೆಗಳ ನಾಡಿಗೆ 12. ಒಟ್ಟು 39. ಮಕ್ಕಳ ಪುಸ್ತಕಗಳು ಹೆಚ್ಚಾಗಿ ಮೊದಲ ಎರಡಕ್ಕೇ ನಿಲ್ಲುತ್ತವೆ. ಅದನ್ನು ಹೇಳಿಯೇ ನಿಲ್ಲಿಸಿದರೆ ಅದು ಪ್ರಾಮಾಣಿಕ ಪುಸ್ತಕ. ಎರಡೇ ಭಾಗ ಕೊಟ್ಟು, ಅದೇ ಪೂರ್ತಿ ಕಥೆ ಅನ್ನುವ ಹಾಗೆ ಮುಗಿಸಿದ್ದರೆ ಮಾತ್ರ ನನಗೆ ಬೇಸರ.

ಆಮೇಲೆ ಬೆಂಕಿಯ ಪ್ರಸಂಗ ಹುಡುಕಿ. ಪೂರ್ಣ ಪ್ರತಿಯಲ್ಲಿ ಅದು ಮೊದಲ ಭಾಗದ ಐದನೇ ಅಧ್ಯಾಯ. ಅಂತಃಪುರದ ದಾಸಿಯೊಬ್ಬಳು ಪ್ರೇಮಕಥೆ ಓದುತ್ತಾ ನಿದ್ದೆ ಹೋಗಿದ್ದರಿಂದ ಬೆಂಕಿ ಹತ್ತುತ್ತದೆ. ಜನ ಬಕೆಟ್ ಕೊಡುತ್ತಾರೆ, ಅವು ಹೊಲಿಗೆಯವರು ಬೆರಳಿಗೆ ಹಾಕಿಕೊಳ್ಳುವ ಅಂಗುಸ್ತಾನದಷ್ಟು. ಕೋಟಿದ್ದರೆ ಹೊದಿಸಿ ಆರಿಸಬಹುದಿತ್ತು, ಅವಸರದಲ್ಲಿ ಬಿಟ್ಟು ಬಂದಿದ್ದಾನೆ. ಹಿಂದಿನ ಸಂಜೆ ಚೆನ್ನಾಗಿ ವೈನ್ ಕುಡಿದಿದ್ದಾನೆ. ಮೂರು ನಿಮಿಷದಲ್ಲಿ ಬೆಂಕಿ ಆರುತ್ತದೆ. ಏಳನೇ ಅಧ್ಯಾಯಕ್ಕೆ ಬಂದರೆ ಗಲಿವರನ ಮೇಲೆ ರಾಜದ್ರೋಹದ ಆಪಾದನೆಪಟ್ಟಿ ಇದೆ, ಅದರಲ್ಲಿ ಮೊದಲನೆಯದೇ ಇದು. ಕಣ್ಣು ಕೀಳಿಸುವ ಶಿಕ್ಷೆಯವರೆಗೆ ಮಾತು ಹೋಗುವುದಕ್ಕೆ ಈ ಪ್ರಸಂಗವೂ ಒಂದು ಮೆಟ್ಟಿಲು.

ಕತ್ತರಿಸಿದವರು ಕಥೆಯನ್ನು ಅರ್ಥ ಮಾಡಿಕೊಂಡಿದ್ದರೋ ಇಲ್ಲವೋ ಎಂದು ಈ ಒಂದೇ ಜಾಗದಲ್ಲಿ ತಿಳಿಯುತ್ತದೆ. ಉಚ್ಚೆಯ ಮಾತು ಬೇಡ ಅಂತ ಅವರಿಗೆ ಅನಿಸಿದರೆ ಅದು ಅವರ ಇಷ್ಟ. ಆಗ ಬೆಂಕಿಯ ಪ್ರಸಂಗವನ್ನೇ ಪೂರ್ತಿ ತೆಗೆದು, ರಾಣಿಯ ಸಿಟ್ಟನ್ನೂ ತೆಗೆದು, ಆಪಾದನೆಗೆ ಉಳಿದ ಕಾರಣವನ್ನು ಮುಂದಿಡಬೇಕು. ಆ ಕಾರಣವೂ ಮೂಲದಲ್ಲೇ ಇದೆ. ಗಲಿವರ್ ಶತ್ರು ನಾಡಾದ ಬ್ಲೆಫುಸ್ಕುವಿನ ಹಡಗುಗಳನ್ನು ಎಳೆದು ತರುತ್ತಾನೆ. ಆ ನಾಡನ್ನೇ ತನ್ನ ಅಡಿಯಾಳು ಮಾಡಿಕೊಡು ಅಂತ ರಾಜ ಕೇಳಿದಾಗ ಮಾತ್ರ ಒಪ್ಪುವುದಿಲ್ಲ. ಒಳ್ಳೆಯ ಸಂಕ್ಷಿಪ್ತದಲ್ಲಿ ಮಗುವಿಗೆ ಈ ಕಾರಣ ಸಿಗುತ್ತದೆ. ಕೆಟ್ಟದ್ದರಲ್ಲಿ ‘ಆಸ್ಥಾನದಲ್ಲಿ ಅವನಿಗೆ ಶತ್ರುಗಳಿದ್ದರು’ ಅನ್ನುವ ಒಂದು ಸಾಲು ಸಿಗುತ್ತದೆ, ಇಲ್ಲವೇ ನನ್ನ ಅಕ್ಕನ ಮಗಳಿಗೆ ಸಿಕ್ಕಂತೆ ಟೋಪಿ ತುಂಬ ಸಮುದ್ರದ ನೀರು.

ಆನ್‌ಲೈನಿನಲ್ಲಿ ಕೊಳ್ಳುವಾಗ ಜಾಸ್ತಿ ಹುಷಾರಾಗಿರಬೇಕು. ಬೇರೆ ಬೇರೆ ಪ್ರತಿಗಳ ಅಭಿಪ್ರಾಯಗಳನ್ನೆಲ್ಲ ಕೆಲವು ಕಡೆ ಒಂದೇ ಪುಟದಲ್ಲಿ ಸೇರಿಸಿರುತ್ತಾರೆ. ‘ತುಂಬ ಚೆನ್ನಾಗಿದೆ’ ಎಂದು ಬರೆದವರು ಓದಿದ್ದು ನೀವು ಕೊಳ್ಳುವ ಪ್ರತಿಯನ್ನೇ ಅಲ್ಲದಿರಬಹುದು. ಪುಟಗಳ ಸಂಖ್ಯೆ ನೋಡಿ. ಮೂಲ ಸುಮಾರು 1 ಲಕ್ಷ ಪದಗಳದ್ದು, ಸಾಧಾರಣ ಅಕ್ಷರದಲ್ಲಿ ಮುದ್ರಿಸಿದರೆ 250ರಿಂದ 300 ಪುಟ ಬೇಕೇ ಬೇಕು. 120 ಪುಟದ ಪ್ರತಿಯ ಮೇಲೆ ‘ಕಂಪ್ಲೀಟ್’ ಎಂದಿದ್ದರೆ ನಂಬಬೇಡಿ. ಮಾದರಿ ಪುಟ ತೆರೆಯಲು ಆಗುವುದಾದರೆ ಆ ನಾಟಿಂಗ್‌ಹ್ಯಾಮ್‌ಶೈರಿನ ಸಾಲು ಇದೆಯೇ ನೋಡಿ. ಹಕ್ಕುಸ್ವಾಮ್ಯ ಎಂದೋ ಮುಗಿದ ಪುಸ್ತಕವಾದ್ದರಿಂದ ಮೂಲ ಪಾಠ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಫೋನಿನಲ್ಲಿ ಅದನ್ನು ತೆರೆದಿಟ್ಟುಕೊಂಡು ಅಂಗಡಿಯಲ್ಲೇ ಹೋಲಿಸಬಹುದು. ನಾವು ಹಾಗೇ ಮಾಡಿದೆವು.

‘ಪೂರ್ತಿ’ ಅಂದರೂ ಯಾವ ಪೂರ್ತಿ?

ಇದು ದೊಡ್ಡವರಿಗೆ. 1726ರಲ್ಲಿ ಲಂಡನ್ನಿನ ಬೆಂಜಮಿನ್ ಮಾಟ್ ಈ ಪುಸ್ತಕವನ್ನು ಮೊದಲು ಪ್ರಕಟಿಸಿದಾಗಲೇ ಅದು ಕತ್ತರಿಸಿದ ಪುಸ್ತಕ. ಸರ್ಕಾರ ಮೇಲೆ ಬೀಳುತ್ತದೆ ಅನ್ನುವ ಭಯಕ್ಕೆ ಮಾತುಗಳನ್ನು ಬದಲಿಸಿದ್ದರು, ಕೆಲವನ್ನು ಸೇರಿಸಿದ್ದರು. ಸ್ವಿಫ್ಟನಿಗೆ ಅದು ಬಹಳ ನೋವಿನ ವಿಷಯ. 1735ರಲ್ಲಿ ಡಬ್ಲಿನ್ನಿನ ಜಾರ್ಜ್ ಫಾಕ್ನರ್ ತಂದ ಆವೃತ್ತಿಯಲ್ಲಿ ಅವನ್ನು ಹೆಚ್ಚುಪಾಲು ಸರಿ ಮಾಡಲಾಯಿತು. ಆ ಆವೃತ್ತಿಯ ಮೊದಲಲ್ಲಿ ಗಲಿವರ್ ತನ್ನ ಸಂಬಂಧಿ ಸಿಂಪ್ಸನ್ನಿಗೆ ಬರೆದ ಒಂದು ಪತ್ರವಿದೆ. ನನ್ನ ಪುಸ್ತಕ ಕೆಡಿಸಿದ್ದೀರಿ ಅನ್ನುವ ಜಗಳ ಅದು. ನಿಮ್ಮ ಪ್ರತಿಯಲ್ಲಿ ಈ ಪತ್ರ ಇದ್ದರೆ ಒಳಗಿನ ಪಾಠವೂ 1735ರದ್ದೇ ಇರುವ ಸಂಭವ ಹೆಚ್ಚು.

ಆದರೂ ಒಂದು ತುಣುಕು ಬಿಟ್ಟುಹೋಗಿತ್ತು. ಮೂರನೇ ಭಾಗದ ಮೂರನೇ ಅಧ್ಯಾಯದಲ್ಲಿ ಲಿಂಡಲಿನೋ ಎಂಬ ಊರು ಹಾರುವ ದ್ವೀಪದ ರಾಜನ ವಿರುದ್ಧ ತಿರುಗಿಬೀಳುವ ಐದು ಪ್ಯಾರಾಗಳು. ಲಿಂಡಲಿನೋ ಅಂದರೆ ಡಬ್ಲಿನ್. ಇಂಗ್ಲೆಂಡ್ ಐರ್ಲೆಂಡಿನ ಮೇಲೆ ಹೇರಲು ಹೊರಟ ನಾಣ್ಯದ ವಿರುದ್ಧ ಅಲ್ಲಿನ ಜನ ನಿಂತದ್ದರ ನೆನಪು ಅದರಲ್ಲಿದೆ. ಅದನ್ನು ಮುದ್ರಿಸುವ ಧೈರ್ಯ ಡಬ್ಲಿನ್ನಿನ ಪ್ರಕಾಶಕನಿಗೂ ಬರಲಿಲ್ಲ. ಪುಸ್ತಕದೊಳಗೆ ಆ ಪ್ಯಾರಾಗಳು ಸೇರಿದ್ದು 1899ರಲ್ಲಿ. ಹಾಗಾಗಿ ‘ಅನ್‌ಅಬ್ರಿಡ್ಜ್ಡ್’ ಎಂದು ಬರೆದ ಅಗ್ಗದ ಪ್ರತಿಗಳಲ್ಲೂ ಅವು ಇಲ್ಲದಿರಬಹುದು. ಟಿಪ್ಪಣಿಗಳಿರುವ ಒಳ್ಳೆಯ ಪ್ರತಿಯಲ್ಲಿ ಅವು ಇರುತ್ತವೆ, ಇಲ್ಲದಿದ್ದರೆ ಯಾಕಿಲ್ಲ ಎಂದಾದರೂ ಹೇಳಿರುತ್ತಾರೆ. ದೊಡ್ಡವರು ಪೂರ್ಣ ಪ್ರತಿ ಕೊಳ್ಳುವುದಾದರೆ ನೂರಿನ್ನೂರು ರೂಪಾಯಿ ಜಾಸ್ತಿ ಆದರೂ ಟಿಪ್ಪಣಿ ಇರುವುದನ್ನೇ ಕೊಳ್ಳಿ ಅನ್ನುವುದು ನನ್ನ ಮಾತು. ಮುನ್ನೂರು ವರ್ಷದ ಹಿಂದಿನ ಇಂಗ್ಲಿಷ್ ರಾಜಕೀಯ ನಮಗೆ ತಾನಾಗಿ ಹೊಳೆಯುವುದಿಲ್ಲ.

ಮಗುವಿಗೆ ಯಾವುದು?

ಏಳೆಂಟು ವರ್ಷದವರಿಗೆ ಬೇರೆಯವರು ಹೇಳಿದ ಕಥೆಯೇ ಸಾಕು, ಮೊದಲ ಎರಡು ಭಾಗ, ಚಿತ್ರ ಚೆನ್ನಾಗಿರಬೇಕು ಅಷ್ಟೆ. ಕನ್ನಡದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಈ ವಯಸ್ಸಿನಲ್ಲಿ ಇಂಗ್ಲಿಷ್ ವಾಕ್ಯದ ಜೊತೆ ಗುದ್ದಾಡುತ್ತಾ ಕಥೆ ಕಳೆದುಕೊಳ್ಳುವುದರಲ್ಲಿ ಏನೂ ಲಾಭವಿಲ್ಲ.

ಹತ್ತರಿಂದ ಹದಿಮೂರು ವರ್ಷದವರದು ಕಷ್ಟದ ವಯಸ್ಸು, ಇಲ್ಲೇ ಜಾಸ್ತಿ ಯೋಚಿಸಬೇಕು. ಇವರಿಗೆ ಅಜ್ಜಿಕಥೆ ಚಿಕ್ಕದಾಗಿರುತ್ತದೆ, 39 ಅಧ್ಯಾಯ ದೊಡ್ಡದಾಗುತ್ತದೆ. ಸ್ವಿಫ್ಟನದೇ ವಾಕ್ಯಗಳನ್ನು ಉಳಿಸಿಕೊಂಡ ಸಂಕ್ಷಿಪ್ತ ಇವರಿಗೆ ಸರಿ. ಅದು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಸಿಗದಿದ್ದರೆ ನಾನು ಬೇರೆ ದಾರಿ ಹೇಳುತ್ತೇನೆ: ಪೂರ್ಣ ಪ್ರತಿಯನ್ನೇ ಕೊಟ್ಟು ಮೊದಲ ಭಾಗದ 8 ಅಧ್ಯಾಯಗಳನ್ನು ಮಾತ್ರ ಓದಿಸಿ. ಆ ಭಾಗಕ್ಕೆ ತನ್ನದೇ ಆದಿ ಅಂತ್ಯ ಇದೆ. ಹಡಗು ಒಡೆಯುವುದರಿಂದ ಶುರುವಾಗಿ ಮನೆಗೆ ಮರಳುವುದರೊಂದಿಗೆ ಮುಗಿಯುತ್ತದೆ. ಪುಸ್ತಕದ ಕಾಲುಭಾಗವನ್ನು ಕೆಡಿಸದೆ ಓದಿದ ಮಗು ಇಡೀ ಪುಸ್ತಕವನ್ನು ಕೆಡಿಸಿ ಓದಿದ ಮಗುವಿಗಿಂತ ಜಾಸ್ತಿ ಓದಿರುತ್ತದೆ.

ಅಪ್ಪ ಅಮ್ಮಂದಿರಿಗೆ ಒಂದು ವಿಷಯ ಮೊದಲೇ ಹೇಳಬೇಕು. ಎರಡನೇ ಭಾಗದಲ್ಲಿ ದೈತ್ಯ ದಾದಿಯೊಬ್ಬಳು ಮಗುವಿಗೆ ಹಾಲೂಡಿಸುವುದನ್ನು ಹತ್ತಿರದಿಂದ ನೋಡಿ ಗಲಿವರ್ ಹೇಸುವ ವರ್ಣನೆ ಇದೆ. ಐದನೇ ಅಧ್ಯಾಯದಲ್ಲಿ ಅರಮನೆಯ ಹೆಣ್ಣುಮಕ್ಕಳು ಅವನನ್ನು ಬೊಂಬೆಯ ಹಾಗೆ ಬಟ್ಟೆ ಬಿಚ್ಚಿ ಆಡಿಸುವುದೂ ಇದೆ. ನಾಲ್ಕನೇ ಭಾಗದಲ್ಲಿ ಯಾಹೂ ಅನ್ನುವ, ಮನುಷ್ಯರನ್ನೇ ಹೋಲುವ ಕಾಡುಪ್ರಾಣಿಗಳ ಪೈಕಿ ಹೆಣ್ಣೊಬ್ಬಳು ಅವನ ಮೇಲೆ ಬೀಳುತ್ತಾಳೆ. ಮೊದಲ ಭಾಗದಲ್ಲಿ ಇಂಥದ್ದು ಕಡಿಮೆ, ಮಲಮೂತ್ರದ ಮಾತುಗಳಿವೆ ಅಷ್ಟೆ, ಅವಕ್ಕೆ ಮಕ್ಕಳು ನಗುತ್ತಾರೆ. ಎರಡನೆಯ ಭಾಗವನ್ನು ನೀವು ಮೊದಲು ಓದಿ ಆಮೇಲೆ ಕೊಡಿ. ನಾಲ್ಕನೆಯದನ್ನು ಹೈಸ್ಕೂಲು ಮುಗಿಯುವವರೆಗೆ ಕೊಡುವುದಿಲ್ಲ ನಾನು. ಆ ದೃಶ್ಯಕ್ಕಲ್ಲ. ಮನೆಗೆ ಬಂದವನಿಗೆ ಹೆಂಡತಿ ಮಕ್ಕಳ ವಾಸನೆಯೇ ಹೇಸಿಗೆಯಾಗಿ, ಎರಡು ಕುದುರೆ ಕೊಂಡು ದಿನಾ ನಾಲ್ಕು ಗಂಟೆ ಅವುಗಳ ಜೊತೆ ಮಾತಾಡುತ್ತಾ ಕೂರುವ ಆ ಕೊನೆ ಇದೆಯಲ್ಲ, ಅದನ್ನು ತಾಳಿಕೊಳ್ಳಲು ಸ್ವಲ್ಪ ವಯಸ್ಸಾಗಿರಬೇಕು.

ಶಾಲೆಯಲ್ಲಿ ಪಠ್ಯಕ್ಕೆ ಇಟ್ಟಿದ್ದರೆ ಈ ಮಾತೆಲ್ಲ ಬಿಡಿ, ಅವರು ಹೇಳಿದ ಆವೃತ್ತಿಯನ್ನೇ ಕೊಳ್ಳಿ. ಪ್ರಶ್ನೆಗಳು ಅದರಿಂದಲೇ ಬರುತ್ತವೆ.

ಭಾವನಿಗೆ ಯಾವುದು?

ಸಮಯವಿಲ್ಲದ ದೊಡ್ಡವರಿಗೆ ಸಂಕ್ಷಿಪ್ತ ಅಂತ ಎಲ್ಲರೂ ಹೇಳುತ್ತಾರೆ. ಈ ಪುಸ್ತಕದ ಮಟ್ಟಿಗೆ ನಾನು ಒಪ್ಪುವುದಿಲ್ಲ. ಮೊದಲು ಸಮಯದ ಲೆಕ್ಕ ಹಾಕೋಣ. ಹಳೆಯ ಇಂಗ್ಲಿಷ್ ಆದ್ದರಿಂದ ನಿಮಿಷಕ್ಕೆ 150 ಪದ ಎಂದು ನಿಧಾನಕ್ಕೇ ಹಿಡಿದರೂ 1 ಲಕ್ಷ ಪದಕ್ಕೆ ಸುಮಾರು 11 ಗಂಟೆ. ಭಾವನಿಗೆ ಹೋಗುವಾಗ ಬರುವಾಗ ಸೇರಿ, ನೂಕುನುಗ್ಗಲು ಕಳೆದು, 40 ನಿಮಿಷ ಕೂತು ಓದಲು ಸಿಗುತ್ತದೆ. 17 ಕೆಲಸದ ದಿನ. ತಿಂಗಳೊಳಗೆ ಮುಗಿಯುವ ಪುಸ್ತಕ ಇದು. ಸಾವಿರ ಪುಟದ ಕಾದಂಬರಿಯಾಗಿದ್ದರೆ ಮಾತು ಬೇರೆ ಇತ್ತು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಸಂಕ್ಷಿಪ್ತಗಳಲ್ಲಿ ಮೊದಲು ಹೋಗುವುದು ದೊಡ್ಡವರಿಗಾಗಿಯೇ ಬರೆದ ಭಾಗ. ಮೂರನೇ ಭಾಗದ ಹತ್ತನೇ ಅಧ್ಯಾಯದಲ್ಲಿ ಸ್ಟ್ರಲ್ಡ್‌ಬ್ರಗ್ ಅನ್ನುವ ಜನ ಬರುತ್ತಾರೆ, ಸಾವೇ ಇಲ್ಲದವರು. ಎಷ್ಟು ಪುಣ್ಯವಂತರು ಅಂತ ಗಲಿವರ್ ಹಿಗ್ಗುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಸಾವಿಲ್ಲ ನಿಜ, ಮುಪ್ಪು ಇದೆ. ಎಂಬತ್ತಕ್ಕೆ ಕಾನೂನಿನ ಲೆಕ್ಕದಲ್ಲಿ ಅವರು ಸತ್ತಂತೆ, ಆಸ್ತಿ ಮಕ್ಕಳಿಗೆ ಹೋಗುತ್ತದೆ. ತೊಂಬತ್ತಕ್ಕೆ ಹಲ್ಲು ಕೂದಲು ಉದುರುತ್ತವೆ, ಹತ್ತಿರದವರ ಹೆಸರೂ ನೆನಪಿರುವುದಿಲ್ಲ. ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಭಾಷೆಯೇ ಬದಲಾಗಿ ಸ್ವಂತ ಊರಿನಲ್ಲಿ ಪರದೇಶಿಗಳಾಗುತ್ತಾರೆ. ಮನೆಯಲ್ಲಿ ವಯಸ್ಸಾದ ಅಪ್ಪನೋ ಅಮ್ಮನೋ ಇರುವ ಯಾರಾದರೂ ಈ ಅಧ್ಯಾಯವನ್ನು ಸುಮ್ನೆ ಓದಿ ಮುಂದೆ ಹೋಗಲಾರರು. ಕಥೆ ಮುಂದೆ ಹೋಗುವುದಕ್ಕೆ ಇದು ಬೇಕಿಲ್ಲ, ಹಾಗಾಗಿ ಕತ್ತರಿಗೆ ಸುಲಭವಾಗಿ ಸಿಗುತ್ತದೆ.

ಇಷ್ಟಾದರೂ ಪೂರ್ತಿ ಬೇಡ ಅನಿಸಿದರೆ ಪೂರ್ಣ ಪ್ರತಿಯನ್ನೇ ಕೊಂಡು ನೀವೇ ಆರಿಸಿಕೊಳ್ಳಿ. ಒಂದು, ಎರಡು, ನಾಲ್ಕನೇ ಭಾಗಗಳನ್ನು ಬಿಡದೆ ಓದಿ. ಮೂರನೆಯದರಲ್ಲಿ ಹಾರುವ ದ್ವೀಪದ ಯಂತ್ರವಿವರಣೆ ಬೇಸರವಾದರೆ ದಾಟಿ, ಸೌತೆಕಾಯಿಯಿಂದ ಬಿಸಿಲು ತೆಗೆಯಲು ಎಂಟು ವರ್ಷದಿಂದ ಒದ್ದಾಡುತ್ತಿರುವ ಪಂಡಿತನಿರುವ ಐದನೇ ಅಧ್ಯಾಯ ಓದಿ, ಆಮೇಲೆ ಹತ್ತನೆಯದು. ಬಿಟ್ಟದ್ದು ಏನು ಅಂತ ನಿಮಗೆ ಗೊತ್ತಿರುತ್ತದೆ. ಪುಸ್ತಕ ಕೈಯಲ್ಲೇ ಇರುವುದರಿಂದ ಯಾವಾಗ ಬೇಕಾದರೂ ಹಿಂದಕ್ಕೆ ಹೋಗಬಹುದು.

ಇಂಗ್ಲಿಷ್ ಓದುವುದೇ ಕಷ್ಟವಾಗುವವರಿಗೆ ಪದಮಿತಿಯ ಸರಳ ಪ್ರತಿ ಒಳ್ಳೆಯದೇ. ಅದನ್ನು ಭಾಷೆಗಾಗಿ ಓದಿ, ಸ್ವಿಫ್ಟನಿಗಾಗಿ ಅಲ್ಲ.

ಸಂಕ್ಷೇಪ ಅಂದರೆ ಕೀಳು ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಮಹಾಭಾರತವನ್ನು ಎಷ್ಟೋ ಮನೆಗಳು ಓದಿದ್ದು ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ದಲ್ಲಿ. ಕುಮಾರವ್ಯಾಸನೂ ಹದಿನೆಂಟು ಪರ್ವಗಳಲ್ಲಿ ಹತ್ತನ್ನೇ ಹಾಡಿದ. ಅಲ್ಲೆಲ್ಲ ಏನು ಬಿಡಬೇಕು, ಯಾಕೆ ಬಿಡಬೇಕು ಎಂದು ಇಡೀ ಭಾರತ ಅರಗಿಸಿಕೊಂಡ ಒಬ್ಬರು ತೀರ್ಮಾನಿಸಿದ್ದಾರೆ, ಅವರ ಹೆಸರು ಮುಖಪುಟದಲ್ಲೇ ಇದೆ. ಮಕ್ಕಳ ಗಲಿವರನಲ್ಲೂ ನಾನು ಹುಡುಕುವುದು ಅದನ್ನೇ. ಕತ್ತರಿಸಿದವರ ಹೆಸರೇ ಇಲ್ಲದ ಪುಸ್ತಕವನ್ನು ವಾಪಸ್ ಇಟ್ಟುಬಿಡುತ್ತೇನೆ.

ಅವತ್ತು ಚರ್ಚ್ ಸ್ಟ್ರೀಟಿನಿಂದ ಎರಡು ಪ್ರತಿ ತಂದೆವು, ಎರಡೂ ಪೂರ್ಣ. ಭಾವನದು ಟಿಪ್ಪಣಿ ಇರುವುದು. ಮಗಳದು ದೊಡ್ಡ ಅಕ್ಷರದ ಹಳೆಯ ಪ್ರತಿ, ಮೊದಲ ಭಾಗ ಮುಗಿದಲ್ಲಿ ನಾನೊಂದು ಕಾಗದ ಸಿಕ್ಕಿಸಿ ಕೊಟ್ಟೆ. ಬೆಂಕಿಯ ಪ್ರಸಂಗಕ್ಕೆ ಬಂದಾಗ ಅವಳು ನಕ್ಕ ನಗು ಪಕ್ಕದ ಮನೆಗೆ ಕೇಳಿಸಿತು. ಆದರೆ ಅವಳು ಪೆನ್ಸಿಲ್ ಹಿಡಿದದ್ದು ಅದಕ್ಕೂ ಮುಂಚೆ, ಮೂರನೇ ಅಧ್ಯಾಯದಲ್ಲಿ. ಗಲಿವರನಿಗೆ ಎಷ್ಟು ಜನರ ಊಟ ಕೊಡಬೇಕೆಂದು ಲಿಲಿಪುಟ್ಟಿನ ಗಣಿತಜ್ಞರು ಲೆಕ್ಕ ಹಾಕುತ್ತಾರೆ. ಅವನ ಎತ್ತರ ತಮ್ಮ ಹನ್ನೆರಡರಷ್ಟು, ಹಾಗಾದರೆ ಮೈ ಎಷ್ಟರಷ್ಟು? ಮಕ್ಕಳ ಪುಸ್ತಕದಲ್ಲಿ ‘ನೂರಾರು ಜನರ ಊಟ’ ಎಂದಷ್ಟೇ ಇತ್ತು. ಇಲ್ಲಿ 1724 ಎಂದು ಮುದ್ರಿಸಿದೆ.

“ಚಿಕ್ಕಮ್ಮ, ಉದ್ದ ಹನ್ನೆರಡು, ಅಗಲ ಹನ್ನೆರಡು, ದಪ್ಪ ಹನ್ನೆರಡು. ಗುಣಿಸಿದರೆ 1728 ಅಲ್ವಾ ಬರೋದು?”

ಕೆಲವು ಮುದ್ರಣಗಳಲ್ಲಿ 1728 ಎಂದೇ ಇದೆ, ನಿನ್ನದು ಹಳೆಯ ಅಚ್ಚಿನ ತಪ್ಪನ್ನು ಉಳಿಸಿಕೊಂಡಿದೆ ಎಂದೆ. ಅವಳು 1724ರ ಕೊನೆಯ ಅಂಕಿ ಹೊಡೆದು, ಪಕ್ಕದಲ್ಲಿ 8 ಎಂದು ಬರೆದು, ಪುಟ ತಿರುವಿದಳು.